ಕೆನ್ನೆ ಊದಿ ಗಂಟಲು ನೋಯುತ್ತಿರುವಾಗ: ಮಂಗನ ಬಾವೋ, ಟಾನ್ಸಿಲ್ಲೋ?

“ದೊಡ್ಡಮ್ಮ, ನಿನ್ನೆ ಮಂಗಳವಾರ ಸಂಜೆಯಿಂದ ಇವನ ಎಡಗೆನ್ನೆ ಕಿವಿಯ ಕೆಳಗೆ ಊದಿಕೊಂಡಿದೆ, ಸ್ವಲ್ಪ ಜ್ವರ ಇದೆ, ಗಂಟಲು ನೋವು ಅಂತಾನೆ. ಅಮ್ಮ ಮಂಗನ ಬಾವು ಅಂತಿದ್ದಾರೆ, ಇವರು ಟಾನ್ಸಿಲ್ ಅಂತಿದ್ದಾರೆ. ಹೋದ ಸಲ ಉಳಿದ ಆಂಟಿಬಯೋಟಿಕ್ ಕೊಡಲಾ? ಭಾನುವಾರದ ಗೃಹಪ್ರವೇಶಕ್ಕೆ ಕರೆದುಕೊಂಡು ಬರಬಹುದಾ?”

ನೋಡಮ್ಮ, ಆ ಹಳೆಯ ಔಷಧಿಯನ್ನು ಕೊಡಬೇಡ, ಭಾನುವಾರ ಅವನನ್ನು ಕರೆದುಕೊಂಡು ಬರಲೂ ಬೇಡ. ಮಕ್ಕಳ ವಾರ್ಡಿನಲ್ಲಿ ದಾದಿಯಾಗಿ ಇಷ್ಟು ವರ್ಷ ಕೆಲಸ ಮಾಡಿದವಳಾದ್ದರಿಂದ, ಕಾರಣವನ್ನು ಬಿಡಿಸಿ ಹೇಳುತ್ತೇನೆ. ನಮ್ಮ ಈ ಕುಟುಂಬದ ಗುಂಪಿನಲ್ಲಿ ಮಕ್ಕಳಿರುವ ಮನೆಗಳು ಹಲವಾರು ಇರುವುದರಿಂದ ಎಲ್ಲರೂ ಪೂರ್ತಿ ಕೇಳಿಸಿಕೊಳ್ಳಿ.

ಮೊದಲು ಊತ ಇರುವ ಜಾಗವನ್ನು ಸರಿಯಾಗಿ ನೋಡಬೇಕು, ಏಕೆಂದರೆ ಈ ಎರಡು ಕಾಯಿಲೆಗಳನ್ನು ಬೇರ್ಪಡಿಸುವುದು ಗಂಟಲು ನೋವಲ್ಲ, ಊತದ ಜಾಗ. ಮಂಗನ ಬಾವಿನಲ್ಲಿ ವೈರಾಣು ಸೇರುವುದು ಜೊಲ್ಲು ಸುರಿಸುವ ಗ್ರಂಥಿಗೆ. ಆ ಗ್ರಂಥಿ ಕಿವಿಯ ಮುಂದಿನಿಂದ ಕಿವಿಯ ಹಾಲೆಯ ಕೆಳಗಿನವರೆಗೆ, ದವಡೆಯ ಮೂಲೆಯನ್ನು ಅಪ್ಪಿಕೊಂಡಂತೆ ಹರಡಿರುತ್ತದೆ. ಟಾನ್ಸಿಲ್‌ಗಳಾದರೋ ಬಾಯಿಯ ಒಳಗೆ, ಕಿರುನಾಲಿಗೆಯ ಎರಡು ಪಕ್ಕಗಳಲ್ಲಿ ಇರುತ್ತವೆ. ಅವು ಎಷ್ಟೇ ಊದಿದರೂ ಕೆನ್ನೆ ದಪ್ಪವಾಗುವುದಿಲ್ಲ. ಟಾನ್ಸಿಲ್ ಸೋಂಕಿನಲ್ಲಿ ಹೊರಗಡೆ ಕೈಗೆ ಸಿಗುವುದು ಕುತ್ತಿಗೆಯ ಮೇಲ್ಭಾಗದ ದುಗ್ಧರಸ ಗ್ರಂಥಿಗಳು, ಅಂದರೆ ಸೋಂಕಾದಾಗ ಗಂಟಿನಂತೆ ಊದುವ ಗ್ರಂಥಿಗಳು, ಮತ್ತು ಅವು ಇರುವುದು ದವಡೆಯ ಮೂಲೆಗಿಂತ ಕೆಳಗೆ.

ಆದ್ದರಿಂದ ಹೀಗೆ ಮಾಡು. ಮಗುವನ್ನು ಕಿಟಕಿಯ ಬೆಳಕಿಗೆ ಎದುರಾಗಿ ಕೂರಿಸಿ, ಎರಡು ಕಿವಿಗಳ ಹಾಲೆಗಳನ್ನು ಹೋಲಿಸಿ ನೋಡು. ಗ್ರಂಥಿ ಊದಿದ್ದರೆ ಆ ಪಕ್ಕದ ಹಾಲೆ ಮೇಲಕ್ಕೆ, ಹೊರಕ್ಕೆ ತಳ್ಳಲ್ಪಟ್ಟಿರುತ್ತದೆ. ಹಿಂದಿನಿಂದ ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಆಮೇಲೆ ಗದ್ದದಿಂದ ಆರಂಭಿಸಿ ದವಡೆಯ ಎಲುಬಿನ ಅಂಚಿನ ಮೇಲೆ ಬೆರಳನ್ನು ಮೆಲ್ಲಗೆ ಕಿವಿಯ ಕಡೆಗೆ ಸರಿಸು. ಬಲಗಡೆಯಲ್ಲಿ ಎಲುಬು ತಿರುಗುವ ಮೂಲೆ ಬೆರಳಿಗೆ ಸ್ಪಷ್ಟವಾಗಿ ಸಿಗುತ್ತದೆ. ಎಡಗಡೆಯಲ್ಲಿ ಆ ಮೂಲೆ ಮೆತ್ತನೆಯ, ಅಂಚು ಗೊತ್ತಾಗದ ಊತದೊಳಗೆ ಮರೆಯಾಗಿದ್ದರೆ ಅದು ಜೊಲ್ಲು ಗ್ರಂಥಿಯ ಊತ. ಮೂಲೆ ಎರಡೂ ಕಡೆ ಸಿಗುತ್ತಿದ್ದು, ಅದರ ಕೆಳಗೆ ಗೋಲಿಯಂತೆ ಬಿಡಿಬಿಡಿಯಾಗಿ ಸರಿದಾಡುವ ಗಂಟು ಸಿಕ್ಕರೆ ಗಂಟಲಿನ ಸೋಂಕಿನ ಕಡೆಗೆ ಯೋಚಿಸಬೇಕು.

ನಂತರ ಟಾರ್ಚ್ ಹಿಡಿದು ಬಾಯಿಯೊಳಗೆ ನೋಡು. ಟಾನ್ಸಿಲ್ ಸೋಂಕಾದರೆ ಕಿರುನಾಲಿಗೆಯ ಪಕ್ಕದ ಉಂಡೆಗಳು ಕೆಂಪಾಗಿ ಉಬ್ಬಿರುತ್ತವೆ, ಹಲವು ಸಲ ಅವುಗಳ ಮೇಲೆ ಬಿಳಿ ಅಥವಾ ಹಳದಿ ಚುಕ್ಕೆಗಳಿರುತ್ತವೆ. ಮಂಗನ ಬಾವಾದರೆ ಗಂಟಲು ಹೆಚ್ಚುಕಡಿಮೆ ಸಹಜವಾಗಿಯೇ ಕಾಣುತ್ತದೆ. ಬದಲಿಗೆ ಮೇಲಿನ ಎರಡನೆಯ ದವಡೆ ಹಲ್ಲಿನ ಎದುರಿಗೆ, ಕೆನ್ನೆಯ ಒಳಗೋಡೆಯಲ್ಲಿ, ಜೊಲ್ಲು ನಾಳ ಬಂದು ತೆರೆದುಕೊಳ್ಳುವ ಜಾಗ ಚಿಕ್ಕ ಕೆಂಪು ಬೊಟ್ಟಿನಂತೆ ಉಬ್ಬಿರಬಹುದು. ಅದು ಕಾಣಿಸದಿದ್ದರೆ ಮಂಗನ ಬಾವಲ್ಲ ಎಂದು ತೀರ್ಮಾನಿಸಬೇಡ, ಎಲ್ಲ ಮಕ್ಕಳಲ್ಲೂ ಅದು ಎದ್ದು ಕಾಣುವುದಿಲ್ಲ.

ಹಾಗಾದರೆ ಗಂಟಲು ನೋವು ಎಂದು ಏಕೆ ಹೇಳುತ್ತಾನೆ ಎಂದು ನೀನು ಕೇಳಬಹುದು. ಮಕ್ಕಳು ನುಂಗುವಾಗ, ಅಗಿಯುವಾಗ ಆಗುವ ನೋವನ್ನೆಲ್ಲ ಗಂಟಲು ನೋವು ಎಂದೇ ಹೇಳುತ್ತಾರೆ. “ಎಲ್ಲಿ ನೋವು, ಒಂದು ಬೆರಳಿನಿಂದ ತೋರಿಸು” ಎಂದು ಕೇಳು. ಟಾನ್ಸಿಲ್ ನೋವಿರುವ ಮಗು ಕುತ್ತಿಗೆಯ ಮುಂಭಾಗವನ್ನು ಮುಟ್ಟಿ, ಎಂಜಲು ನುಂಗುವುದಕ್ಕೂ ಹಿಂಜರಿಯುತ್ತದೆ. ಮಂಗನ ಬಾವಿನ ಮಗು ಕಿವಿಯ ಕೆಳಗೆ ಬೆರಳಿಟ್ಟು, ಬಾಯಿ ತೆರೆಯುವಾಗ ಮತ್ತು ಅಗಿಯುವಾಗ ನೋವು ಎನ್ನುತ್ತದೆ. ಹುಳಿ ಕಂಡರೆ ಜೊಲ್ಲು ಹೆಚ್ಚು ಸುರಿಯಲು ಗ್ರಂಥಿ ಹಿಂಡಿಕೊಳ್ಳುವುದರಿಂದ, ತಿಳಿಸಾರಿನ ಹುಣಸೆಹುಳಿಗೂ ಮುಖ ಕಿವುಚುತ್ತದೆ. ಪರೀಕ್ಷೆಗೆಂದು ನಿಂಬೆಹಣ್ಣು ಮಾತ್ರ ಕೊಡಬೇಡ, ನೋವು ಜೋರಾಗಿರುತ್ತದೆ.

ಇಷ್ಟು ನೋಡಿದ ಮೇಲೂ ಕೊನೆಯ ಮಾತು ವೈದ್ಯರದ್ದೇ ಆಗಬೇಕು. ಹಲ್ಲಿನ ಬೇರಿನ ಕೀವು, ಜೊಲ್ಲು ನಾಳದ ಕಲ್ಲು, ಗ್ರಂಥಿಗೆ ಬ್ಯಾಕ್ಟೀರಿಯಾ ತಗಲಿದ ಸೋಂಕು, ಇವೂ ಕೆನ್ನೆಯನ್ನು ಊದಿಸುತ್ತವೆ. ಊಟದ ಹೊತ್ತಿಗೆ ಊದಿ ಆಮೇಲೆ ಇಳಿಯುತ್ತಿದ್ದರೆ ಕಲ್ಲನ್ನು ಶಂಕಿಸುತ್ತಾರೆ. ಚರ್ಮ ಕೆಂಪಾಗಿ, ಬಿಸಿಯಾಗಿ, ನಾಳದ ಬಾಯಿಂದ ಕೀವು ಬರುತ್ತಿದ್ದರೆ ಅದು ಬ್ಯಾಕ್ಟೀರಿಯಾ ಸೋಂಕು. ಮಂಗನ ಬಾವಿನಲ್ಲಿ ಚರ್ಮ ಬಿಗಿದಿದ್ದರೂ ಸಾಮಾನ್ಯವಾಗಿ ಕೆಂಪಾಗುವುದಿಲ್ಲ. ಆಸ್ಪತ್ರೆಗೆ ಹೋಗುವ ಮುನ್ನ ಫೋನ್ ಮಾಡಿ “ಕೆನ್ನೆ ಊದಿದೆ, ಮಂಗನ ಬಾವಿರಬಹುದು” ಎಂದು ತಿಳಿಸು. ಆಗ ಅವರು ಬೇರೆ ಮಕ್ಕಳು ತುಂಬಿರುವ ಜಾಗದಲ್ಲಿ ಇವನನ್ನು ಕೂರಿಸದೆ ನೇರವಾಗಿ ಒಳಗೆ ಕರೆಯುತ್ತಾರೆ.

ಔಷಧಿಯ ವಿಷಯದಲ್ಲೇ ಈ ಎರಡೂ ಪೂರ್ತಿ ಬೇರೆಯಾಗುವುದು. ಟಾನ್ಸಿಲ್ ಸೋಂಕು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದಿದ್ದರೆ ಆಂಟಿಬಯೋಟಿಕ್ ಬೇಕು, ಅದನ್ನು ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ 10 ದಿನ, ಪೂರ್ತಿ ಕೊಡಬೇಕು. ಮಂಗನ ಬಾವು ವೈರಾಣುವಿನದು, ಅದಕ್ಕೆ ಆಂಟಿಬಯೋಟಿಕ್‌ನಿಂದ ಏನೂ ಆಗುವುದಿಲ್ಲ. ಉಳಿದ ಅರ್ಧ ಬಾಟಲಿಯನ್ನು ಕೊಟ್ಟರೆ ಮಗುವಿಗೆ ಭೇದಿಯಾಗಬಹುದೇ ಹೊರತು ಊತ ಒಂದು ಗಂಟೆಯೂ ಬೇಗ ಇಳಿಯುವುದಿಲ್ಲ. ಊತ ಮೊದಲ ಒಂದರಿಂದ ಮೂರು ದಿನ ಹೆಚ್ಚುತ್ತಾ ಹೋಗಿ, ಆಮೇಲೆ ಸುಮಾರು ಒಂದು ವಾರದಲ್ಲಿ ತಾನಾಗಿ ಇಳಿಯುತ್ತದೆ. ನಾಳೆ ಇನ್ನೂ ದಪ್ಪವಾಗಿ ಕಂಡರೆ, ಅಥವಾ ಬಲಗೆನ್ನೆಯೂ ಊದಿದರೆ, ಅಷ್ಟರಿಂದಲೇ ಹೆದರಬೇಡ.

ಜ್ವರ ಮತ್ತು ನೋವಿಗೆ ಪ್ಯಾರಾಸಿಟಮಾಲ್ ಸಾಕು. ಅದನ್ನು ತೂಕದ ಮೇಲೆ ಲೆಕ್ಕ ಹಾಕಬೇಕು: ಒಂದು ಕೆಜಿ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಇವನು 25 ಕೆಜಿ ಇದ್ದಾನೆ ಎಂದುಕೊಂಡರೆ ಒಂದು ಸಲಕ್ಕೆ 250 ಮಿಲಿಗ್ರಾಂ ಸಾಕಾಗುತ್ತದೆ. ಬಾಟಲಿಯ ಮೇಲೆ 5 ಮಿ.ಲೀ.ಗೆ 250 ಮಿಲಿಗ್ರಾಂ ಎಂದು ಬರೆದಿದ್ದರೆ 5 ಮಿ.ಲೀ., 125 ಎಂದಿದ್ದರೆ 10 ಮಿ.ಲೀ. ಎಂದಾಗುತ್ತದೆ. ಆರು ಗಂಟೆಯ ಅಂತರ ಇರಲಿ, ದಿನಕ್ಕೆ ನಾಲ್ಕು ಸಲ ಮೀರಬಾರದು. ಆಸ್ಪಿರಿನ್ ಮಕ್ಕಳಿಗೆ ಖಂಡಿತ ಬೇಡ. ಊಟಕ್ಕೆ ಗಂಜಿ, ರಾಗಿ ಅಂಬಲಿ, ಬೇಳೆಕಟ್ಟು ಹಾಕಿ ಮೆತ್ತಗೆ ಕಲಸಿದ ಅನ್ನ ಇರಲಿ, ನೀರು ಆಗಾಗ ಕುಡಿಯಲಿ. ಅಮ್ಮ ಕೆನ್ನೆಗೆ ನೀಲಿ ಹಚ್ಚೋಣ ಎನ್ನಬಹುದು. ಅದರಿಂದ ವೈರಾಣುವಿಗೆ ಏನೂ ಆಗುವುದಿಲ್ಲ, ಮೇಲಾಗಿ ಚರ್ಮ ಕೆಂಪಾಗಿದೆಯೇ ಎಂಬುದನ್ನು ವೈದ್ಯರು ನೋಡಲಾಗುವುದಿಲ್ಲ. ಒದ್ದೆ ಬಟ್ಟೆಯ ತಣ್ಣನೆಯ ಪಟ್ಟಿ ಇಟ್ಟರೆ ಹಾಯೆನಿಸುತ್ತದೆ.

ಈಗ ಪ್ರತ್ಯೇಕವಾಗಿ ಇರಿಸುವ ವಿಷಯ. ಊತ ಶುರುವಾಗುವುದಕ್ಕೆ ಸುಮಾರು ಎರಡು ದಿನ ಮೊದಲಿನಿಂದ, ಶುರುವಾದ ಮೇಲೆ ಐದು ದಿನಗಳವರೆಗೆ ಮಂಗನ ಬಾವು ಬೇರೆಯವರಿಗೆ ಹೆಚ್ಚಾಗಿ ಹರಡುತ್ತದೆ. ಇವನಿಗೆ ಊತ ಮಂಗಳವಾರ ಕಂಡಿದೆ. ಆ ದಿನವನ್ನು ಸೊನ್ನೆ ಎಂದಿಟ್ಟುಕೊಂಡು ಬುಧವಾರದಿಂದ ಎಣಿಸಿದರೆ ಐದನೆಯ ದಿನ ಭಾನುವಾರ. ಎಂದರೆ ಭಾನುವಾರ ರಾತ್ರಿಯವರೆಗೂ ಅವನು ಮನೆಯಲ್ಲಿಯೇ ಇರಬೇಕು, ಸೋಮವಾರ ಜ್ವರವಿಲ್ಲದೆ ಚೆನ್ನಾಗಿದ್ದರೆ ಶಾಲೆಗೆ ಹೋಗಬಹುದು. ಎರಡನೆಯ ಕೆನ್ನೆ ಶುಕ್ರವಾರ ಊದಿದರೂ ಲೆಕ್ಕ ಮೊದಲ ಕೆನ್ನೆಯಿಂದಲೇ. ಕೆಲವು ಶಾಲೆಗಳು ಇನ್ನೂ ಹೆಚ್ಚು ದಿನ ಕೇಳುತ್ತವೆ, ಅವರ ನಿಯಮವನ್ನೂ ವಿಚಾರಿಸಿಕೋ. ಟಾನ್ಸಿಲ್ಲಿನ ಬ್ಯಾಕ್ಟೀರಿಯಾ ಸೋಂಕಿಗೆ ಈ ಲೆಕ್ಕ ಇಲ್ಲ. ಆಂಟಿಬಯೋಟಿಕ್ ಶುರುಮಾಡಿ 24 ಗಂಟೆ ಕಳೆದು, ಜ್ವರ ಬಿಟ್ಟಿದ್ದರೆ ಮಗು ಹೊರಗೆ ಹೋಗಬಹುದು. ಆದ್ದರಿಂದಲೇ ಮಂಗನ ಬಾವನ್ನು ಟಾನ್ಸಿಲ್ ಎಂದು ತಿಳಿದು ಮರುದಿನವೇ ಶಾಲೆಗೆ ಕಳುಹಿಸಿದರೆ ತರಗತಿಗೆಲ್ಲ ಹಬ್ಬುವುದು.

ಹರಡುವುದು ಜೊಲ್ಲಿನಿಂದ, ಕೆಮ್ಮು ಸೀನಿನ ಹನಿಗಳಿಂದ. ನಮ್ಮ ಹಿರಿಯರು ಪಾಲಿಸುತ್ತಿದ್ದ ಎಂಜಲಿನ ನಿಯಮವನ್ನು ಈ ಐದು ದಿನ ಕಟ್ಟುನಿಟ್ಟಾಗಿ ಪಾಲಿಸು: ಅವನ ಲೋಟ, ತಟ್ಟೆ, ಚಮಚ, ಟವೆಲ್, ನೀರಿನ ಬಾಟಲಿ ಬೇರೆ ಇರಲಿ, ಅವನು ಬಿಟ್ಟ ಅನ್ನವನ್ನು ನೀನು ತಿನ್ನಬೇಡ. ಕಿಟಕಿ ತೆರೆದ ಕೋಣೆಯಲ್ಲಿ ಒಬ್ಬನೇ ಮಲಗಲಿ, ಕೋಣೆಯಿಂದ ಹೊರಬರುವಾಗ ಮಾಸ್ಕ್ ಹಾಕಲಿ. ನೋಡಿಕೊಳ್ಳುವವರು ಒಬ್ಬರೇ ಆದರೆ ಒಳ್ಳೆಯದು, ಅದೂ ಚಿಕ್ಕಂದಿನಲ್ಲಿ ಮಂಗನ ಬಾವು ಬಂದುಹೋದವರು. ಒಮ್ಮೆ ಬಂದವರಿಗೆ ಮತ್ತೆ ಬರುವುದು ಬಹಳ ಅಪರೂಪ, ಹಾಗಾಗಿ ಅಮ್ಮನಿಗೆ ಬಂದಿದ್ದ ನೆನಪಿದ್ದರೆ ಅವರೇ ಸರಿ. ಇವನ ಅಪ್ಪನಿಗೆ ಬಂದಿಲ್ಲದಿದ್ದರೆ ದೂರವಿರುವುದು ಲೇಸು, ಏಕೆಂದರೆ ಪ್ರಾಯಕ್ಕೆ ಬಂದ ಗಂಡಸರಲ್ಲಿ ಇದು ವೃಷಣಕ್ಕೆ ಇಳಿದು ತುಂಬಾ ನೋವು ಕೊಡುವುದುಂಟು. ಅದರಿಂದ ಪೂರ್ಣ ಬಂಜೆತನ ಆಗುವುದು ಅಪರೂಪ, ಆದರೂ ಅದನ್ನು ಬರಮಾಡಿಕೊಳ್ಳುವುದು ಬೇಡ. ಗೃಹಪ್ರವೇಶದಲ್ಲಿ ಇಂಥ ಹುಡುಗರು, ಗಂಡಸರು, ಗರ್ಭಿಣಿಯರು, ಕೈಗೂಸುಗಳು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ.

ಲಸಿಕೆ ಹಾಕಿಸಿದ್ದೇವಲ್ಲ ಎಂದು ಹಲವರು ಹೇಳುತ್ತಾರೆ. ತಾಯಿ ಕಾರ್ಡನ್ನು ತೆಗೆದು ಅಕ್ಷರಗಳನ್ನು ನೋಡಿ. ಸರ್ಕಾರಿ ಕಾರ್ಯಕ್ರಮದಲ್ಲಿ 9ನೆಯ ತಿಂಗಳಿಗೆ ಮತ್ತು ಒಂದೂವರೆ ವರ್ಷದ ಸುಮಾರಿಗೆ ಕೊಡುವುದು ಎಂಆರ್, ಅದು ದಡಾರ ಮತ್ತು ರುಬೆಲ್ಲಾಕ್ಕೆ. 2017ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ಅಭಿಯಾನವಾಗಿ ಹಾಕಿದ್ದೂ ಅದೇ. ಮಂಗನ ಬಾವಿಗೆ ರಕ್ಷಣೆ ಇರುವುದು ಎಂಎಂಆರ್‌ನಲ್ಲಿ, ಅದನ್ನು ಸಾಮಾನ್ಯವಾಗಿ ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿರುತ್ತಾರೆ. ಅದನ್ನು ಪಡೆದವರಿಗೂ ಕೆಲವೊಮ್ಮೆ ಬರುತ್ತದೆ, ಆದರೆ ಹಗುರವಾಗಿ. ಈಗಾಗಲೇ ಸೋಂಕು ತಗಲಿದವರಿಗೆ ಇವತ್ತು ಹಾಕಿಸಿದರೆ ಈ ಸಲದ್ದು ತಪ್ಪುವುದಿಲ್ಲ, ಮುಂದಿನದಕ್ಕೆ ಆಗುತ್ತದೆ. ಗರ್ಭಿಣಿಯರಿಗೆ ಈ ಲಸಿಕೆ ಕೊಡುವುದಿಲ್ಲ.

ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳನ್ನೂ ತಿಳಿದುಕೋ. ತಲೆನೋವು ವಿಪರೀತವಾಗಿ, ಕತ್ತು ಬಗ್ಗಿಸಲಾಗದೆ, ಪದೇ ಪದೇ ವಾಂತಿಯಾಗಿ ಮಂಕಾದರೆ ಮೆದುಳಿನ ಪೊರೆಗೆ ತಗಲಿರಬಹುದು. ಮೇಲ್ಹೊಟ್ಟೆಯಲ್ಲಿ ತೀವ್ರ ನೋವು, ವೃಷಣದ ಊತ, ಒಂದು ಕಿವಿ ಕೇಳಿಸದಿರುವುದು, ಇವೂ ಹಾಗೆಯೇ. ಒಂದು ಕಿವಿ ಹೋದರೆ ಮಕ್ಕಳು ತಾವಾಗಿ ಹೇಳುವುದಿಲ್ಲ, ಆದ್ದರಿಂದ ದಿನಕ್ಕೊಮ್ಮೆ ಒಂದೊಂದೇ ಕಿವಿಯ ಹತ್ತಿರ ಬೆರಳುಗಳನ್ನು ಉಜ್ಜಿ ಕೇಳಿಸಿತೇ ಎಂದು ವಿಚಾರಿಸು. ಟಾನ್ಸಿಲ್ ಕಡೆಯ ಅಪಾಯ ಬೇರೆ: ಬಾಯಿ ತೆರೆಯಲಾಗದೆ, ಜೊಲ್ಲು ನುಂಗಲಾಗದೆ ಸುರಿದು, ದನಿ ಮುಚ್ಚಿದಂತಾದರೆ ಗಂಟಲಲ್ಲಿ ಕೀವು ಕಟ್ಟಿರಬಹುದು. ಉಸಿರಾಟ ಕಷ್ಟವಾದರಂತೂ ಒಂದು ಕ್ಷಣವೂ ಕಾಯಬಾರದು.

ಇನ್ನು ಇವನ ತಂಗಿಯ ಮಾತು. ಸೋಂಕು ತಗಲಿ ಊತ ಕಾಣಲು 12ರಿಂದ 25 ದಿನ, ಹೆಚ್ಚಾಗಿ 16ರಿಂದ 18 ದಿನ ಹಿಡಿಯುತ್ತದೆ. ಅಣ್ಣನಿಂದ ಅವಳಿಗೆ ತಗಲಿದ್ದರೆ ಹೋದ ಭಾನುವಾರದಿಂದ ಎಣಿಸಬೇಕು, ಅಂದರೆ ಮುಂದಿನ ವಾರದ ಶುಕ್ರವಾರಕ್ಕೆ 12 ದಿನವಾಗುತ್ತದೆ. ಅಲ್ಲಿಯವರೆಗೆ ಅವಳು ಶಾಲೆಗೆ ಹೋಗಬಹುದು. ಅವಳ ಕಾರ್ಡಿನಲ್ಲಿ ಎಂಎಂಆರ್ ಇಲ್ಲದಿದ್ದರೆ ಆ ಶುಕ್ರವಾರದ ನಂತರ ಕಳುಹಿಸಬೇಕೇ ಎಂದು ವೈದ್ಯರನ್ನೂ ಶಾಲೆಯನ್ನೂ ಈಗಲೇ ಕೇಳಿಟ್ಟುಕೋ. ಅವಳಿಗೆ ಸುಸ್ತು, ಮೈಕೈ ನೋವು ಅಥವಾ ಅಗಿಯುವಾಗ ಕಿವಿಯ ಕೆಳಗೆ ನೋವು ಎಂದರೆ ಊತಕ್ಕೆ ಕಾಯದೆ ಅವತ್ತಿನಿಂದಲೇ ಮನೆಯಲ್ಲಿ ಇರಿಸು. ಇವತ್ತು ಸಂಜೆ ಬೆಳಕಿರುವಾಗಲೇ ಕಿವಿಯ ಹಾಲೆ ಮತ್ತು ದವಡೆಯ ಮೂಲೆಯನ್ನು ನೋಡಿ, ಏನು ಕಂಡಿತು ಎಂದು ನನಗೆ ಫೋನ್ ಮಾಡಿ ಹೇಳು.