ಕೊಬ್ಬರಿ ಎಣ್ಣೆ ಸೋಪಿಗೆ ವಿವರಣೆ ಬರೆಯುವುದು ಹೇಗೆ? ನಿಮ್ಮ ಅನುಭವ ಹೇಳಿ

ತಿಪಟೂರು ಕಡೆಯಿಂದ ಕೇಳಿದ್ದು

"ನಮ್ಮದೇ ತೋಟದ ಕೊಬ್ಬರಿ, ಗಾಣದ ಎಣ್ಣೆ. ಅದರಲ್ಲೇ ಸೋಪು ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. 'ಕೆಮಿಕಲ್ ಇಲ್ಲ, ಎಲ್ಲ ಚರ್ಮಕ್ಕೂ ಒಳ್ಳೆಯದು, ತುರಿಕೆ ವಾಸಿಯಾಗುತ್ತದೆ, 100 ಗ್ರಾಂ' ಅಂತ ಬರೆದಿದ್ದೆ. ಕೊಬ್ಬರಿ ವಾಸನೆಯೇ ಇಲ್ಲ, ಮೈ ಒಣಗುತ್ತದೆ, ತೂಕ ಕಡಿಮೆ ಅಂತ ಮೂರು ದೂರು ಬಂದಿವೆ. ವಿವರಣೆ ಹೇಗೆ ಬದಲಿಸಲಿ?"

ಕುಂದಾಪುರ, ಎಂಟು ವರ್ಷದಿಂದ ಸೋಪು ಮಾಡುವವರು

ಮೂರೂ ದೂರು ನನಗೂ ಬಂದಿದ್ದವು. ವಾಸನೆಯದ್ದು ಮೊದಲು ಹೇಳುತ್ತೇನೆ. ಎಣ್ಣೆ ಕಾಸ್ಟಿಕ್ ಸೋಡಾ ಜೊತೆ ಸೇರಿ ಸೋಪಾದ ಮೇಲೆ ಕೊಬ್ಬರಿ ಘಮ ಹೆಚ್ಚುಕಡಿಮೆ ಹೋಗಿಬಿಡುತ್ತದೆ. ಆದರೆ 'ಕೊಬ್ಬರಿ' ಅಂತ ಓದಿ ತರಿಸಿದವರು ಪೊಟ್ಟಣ ಬಿಚ್ಚಿದ ಕೂಡಲೇ ಮೂಗಿಗೆ ಹಿಡಿಯುತ್ತಾರೆ. ನಾನು ಈಗ ಎರಡನೇ ಸಾಲಿನಲ್ಲೇ ಬರೆಯುತ್ತೇನೆ: "ಸುಗಂಧ ಹಾಕಿಲ್ಲ, ಕೊಬ್ಬರಿ ವಾಸನೆ ಬರುವುದಿಲ್ಲ. ಬಿಳಿ ಬಣ್ಣ, ಗಟ್ಟಿ ಬಿಲ್ಲೆ." ಅದಾದ ಮೇಲೆ ವಾಸನೆಯ ದೂರು ನಿಂತೇ ಹೋಯಿತು.

ತೂಕದ್ದು ಹೀಗೆ. ಕತ್ತರಿಸಿದ ದಿನ 100 ಗ್ರಾಂ ಇದ್ದ ಬಿಲ್ಲೆ ಐದು ವಾರ ಒಣಗಿದ ಮೇಲೆ ನನ್ನಲ್ಲಿ 88 ಗ್ರಾಂ ಆಗಿತ್ತು. ನೀರು ಹೋಗುತ್ತದೆ, ಅಷ್ಟೇ. ನೀವು ಹಸಿ ತೂಕ ಬರೆದಿರಬೇಕು. ಒಣಗಿದ ಮೇಲೆ, ಪ್ಯಾಕ್ ಮಾಡುವ ದಿನ ತೂಗಿ, ಬಂದದ್ದರಲ್ಲಿ ಕಡಿಮೆ ತೂಕ ಬರೆಯಿರಿ. ಅಂಗಡಿ ಸೋಪಿನ ಹೊದಿಕೆ ಮೇಲೂ 'ಪ್ಯಾಕ್ ಮಾಡಿದಾಗ' ಅಂತ ಇರುತ್ತದೆ, ನೋಡಿ.

ಬೆಂಗಳೂರು, ಆನ್‌ಲೈನ್ ಅಂಗಡಿಗಳಿಗೆ ವಿವರಣೆ ಬರೆಯುವವರು

ಮೊಬೈಲ್‌ನಲ್ಲಿ ಹೆಸರಿನ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ. ಹಾಗಾಗಿ "ಕೈಯಿಂದ ಮಾಡಿದ ಕೊಬ್ಬರಿ ಎಣ್ಣೆ ಸೋಪು, ಸುಗಂಧವಿಲ್ಲದ್ದು" ಅಂತ ಅಲ್ಲೇ ಬರಲಿ. ಆದರೆ 'ಕೆಮಿಕಲ್ ಇಲ್ಲ' ತೆಗೆಯಬೇಡಿ. ಜನ ಹುಡುಕುವುದೇ ಆ ಪದ.

ಕುಂದಾಪುರ

ಹೆಸರಿನ ವಿಷಯ ಸರಿ. 'ಕೆಮಿಕಲ್ ಇಲ್ಲ' ಮಾತ್ರ ಬೇಡ. ಕಾಸ್ಟಿಕ್ ಇಲ್ಲದೆ ಸೋಪು ಆಗುವುದಿಲ್ಲ. ಸರಿಯಾಗಿ ಆದ ಸೋಪಿನಲ್ಲಿ ಅದು ಉಳಿಯುವುದೂ ಇಲ್ಲ, ಎಣ್ಣೆ ಜೊತೆ ಸೇರಿ ಸೋಡಿಯಂ ಕೋಕೋಯೇಟ್ ಆಗಿರುತ್ತದೆ. ಅದನ್ನೇ ಪದಾರ್ಥಗಳ ಸಾಲಿನಲ್ಲಿ ಬರೆದು, ಪಕ್ಕದಲ್ಲಿ ಗ್ಲಿಸರಿನ್, ನೀರು ಅಂತ ಸೇರಿಸಿ. ಕೇಳಿದವರಿಗೆ ಉತ್ತರ ಕೊಡಬಹುದು.

'ತುರಿಕೆ ವಾಸಿ' ಅನ್ನುವುದನ್ನು ಇವತ್ತೇ ಅಳಿಸಿ. ನಮ್ಮ ಕಾನೂನಿನಲ್ಲಿ ಸೋಪು ಕಾಸ್ಮೆಟಿಕ್. ರೋಗ ವಾಸಿ ಅಂದರೆ ಅದು ಔಷಧಿಯ ಮಾತಾಗುತ್ತದೆ. ಮಾರಾಟಕ್ಕೆ ಸೋಪು ಮಾಡಲು ಕಾಸ್ಮೆಟಿಕ್ಸ್ ರೂಲ್ಸ್ 2020ರಡಿ ಲೈಸೆನ್ಸ್ ಬೇಕು. ಅದು ಇದೆ ತಾನೇ?

ಮಡಿಕೇರಿಯಿಂದ

ನನ್ನ ಸೋಪು ಮಳೆಗಾಲದಲ್ಲಿ ಬೆವರುತ್ತದೆ. ಮೇಲೆಲ್ಲ ನೀರಿನ ಹನಿ. ಎಣ್ಣೆ ಕೆಟ್ಟಿದೆಯಾ? ಇದಕ್ಕೆ ಏನು ಮಾಡಲಿ?

ಕುಂದಾಪುರ

ಹನಿ ನೀರಿನಂತೆ ಇದ್ದು ಹಳಸಿದ ವಾಸನೆ ಇಲ್ಲದಿದ್ದರೆ ಎಣ್ಣೆ ಕೆಟ್ಟಿಲ್ಲ. ಸೋಪಿನೊಳಗಿನ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಒರೆಸಿ, ಗಾಳಿಯಾಡುವ ಕಡೆ ಇಡಿ. ಪ್ರಶ್ನೆ ಬೇರೆಯಾದರೂ ತಿಪಟೂರಿನವರಿಗೂ ಇದು ಬೇಕು. "ಮಳೆಗಾಲದಲ್ಲಿ ಹನಿ ಕಂಡರೆ ಒರೆಸಿ ಬಳಸಿ, ತೂತಿರುವ ಸೋಪುಪೆಟ್ಟಿಗೆಯಲ್ಲಿ ಇಡಿ" ಅಂತ ಒಂದು ಸಾಲು ಹಾಕಿ.

ಇನ್ನು ಮೈ ಒಣಗುವುದು. ಬರೀ ಕೊಬ್ಬರಿ ಎಣ್ಣೆಯ ಸೋಪು ಗಡಸು ನೀರಿನಲ್ಲೂ ಚೆನ್ನಾಗಿ ನೊರೆ ಬಿಡುತ್ತದೆ, ಆದರೆ ಮೈಯ ಜಿಡ್ಡನ್ನೂ ಜಾಸ್ತಿ ತೆಗೆಯುತ್ತದೆ. ಒಂದು ಕಿಲೋ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು. ನಾನು 146 ಗ್ರಾಂ ಹಾಕುತ್ತೇನೆ. ಐದರಲ್ಲಿ ಒಂದು ಪಾಲು ಎಣ್ಣೆ ಹಾಗೇ ಉಳಿದು ಮೈಗೆ ಹಿತವಾಗುತ್ತದೆ. ನೀವು ಎಷ್ಟು ಹಾಕುತ್ತೀರಿ? ಉಳಿಸುವುದು ಕಡಿಮೆಯಿದ್ದರೆ 'ಎಲ್ಲ ಚರ್ಮಕ್ಕೂ' ಅನ್ನಬೇಡಿ. "ಜಿಡ್ಡು ಚರ್ಮಕ್ಕೆ, ಬೆವರಿ ಬಂದಾಗಿನ ಸ್ನಾನಕ್ಕೆ. ಒಣ ಚರ್ಮದವರಿಗೆ, ಪುಟ್ಟ ಮಕ್ಕಳಿಗೆ ಬೇಡ" ಅನ್ನಿ.

ಬೆಂಗಳೂರು

'ಬೇಡ' ಅಂತ ಬರೆದರೆ ಕೊಳ್ಳುವವರು ಮುಂದಿನ ಸೋಪಿಗೆ ಹೋಗುತ್ತಾರೆ. 'ಜಿಡ್ಡು ಚರ್ಮಕ್ಕೆ' ಅಂದರೆ ಸಾಕಲ್ವಾ?

ಕುಂದಾಪುರ

ನನ್ನಲ್ಲೂ ಆರ್ಡರ್ ಸ್ವಲ್ಪ ಇಳಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ವಾಪಸ್ ಬರುವುದು ನಿಂತಿತು. ಒಂದು ಸೋಪು ವಾಪಸ್ ಬಂದರೆ ಹೋಗಿಬರುವ ಖರ್ಚು ಸೋಪಿನ ಬೆಲೆಗೇ ಸಮವಾಗುತ್ತಿತ್ತು.

ತಿಪಟೂರು

ಲೈಸೆನ್ಸ್ ಇದೆ. ಕಾಸ್ಟಿಕ್ ಕಿಲೋಗೆ 174 ಗ್ರಾಂ ಹಾಕುತ್ತಿದ್ದೆ, ಅಂದರೆ ಉಳಿಯುವ ಎಣ್ಣೆ ತೀರಾ ಕಡಿಮೆ. ಮುಂದಿನ ಬ್ಯಾಚ್ ನಿಮ್ಮ ಅಳತೆಯಲ್ಲಿ ಮಾಡುತ್ತೇನೆ. ಈಗಿರುವ ಸೋಪಿಗೆ ಹೀಗೆ ಬರೆದಿದ್ದೇನೆ:

"ತಿಪಟೂರಿನ ನಮ್ಮ ತೋಟದ ಕೊಬ್ಬರಿಯಿಂದ ಗಾಣದಲ್ಲಿ ತೆಗೆದ ಎಣ್ಣೆಯ ಸೋಪು. ಬಿಳಿ, ಗಟ್ಟಿ. ಗಡಸು ನೀರಿನಲ್ಲೂ ನೊರೆ ಬರುತ್ತದೆ. ಸುಗಂಧ ಹಾಕಿಲ್ಲ, ಕೊಬ್ಬರಿ ವಾಸನೆ ಇರುವುದಿಲ್ಲ. ಐದು ವಾರ ಒಣಗಿಸಿದ್ದು. ಪ್ಯಾಕ್ ಮಾಡಿದಾಗ 85 ಗ್ರಾಂ. ಜಿಡ್ಡು ಚರ್ಮಕ್ಕೆ ಹೊಂದುತ್ತದೆ."

'ಒಣ ಚರ್ಮದವರಿಗೆ ಬೇಡ' ಅನ್ನುವುದನ್ನು ಇನ್ನೂ ಸೇರಿಸಿಲ್ಲ. ಅಮ್ಮ ಸೇರಿಸು ಅನ್ನುತ್ತಾರೆ, ತಮ್ಮ ಬೇಡ ಅನ್ನುತ್ತಾನೆ.