ಆಹಾರ ಜಾಲದಿಂದ ಕಪ್ಪೆಯನ್ನು ತೆಗೆದರೆ ಇಲಿ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ?

ಶಿಕ್ಷಕಿ, ಸೇಡಂ

ನಮ್ಮ ಹತ್ತನೇ ತರಗತಿಯ ಅಭ್ಯಾಸ ಹಾಳೆಯಲ್ಲಿ ಜೋಳದ ಹೊಲದ ಆಹಾರ ಜಾಲವೊಂದಿದೆ. ಅದರಲ್ಲಿ ಜೋಳದಿಂದ ಮಿಡತೆಗೂ ಇಲಿಗೂ, ಮಿಡತೆಯಿಂದ ಕಪ್ಪೆಗೂ ಕಾಜಾಣಕ್ಕೂ, ಕಪ್ಪೆಯಿಂದ ಕೇರೆ ಹಾವಿಗೆ, ಇಲಿಯಿಂದ ಕೇರೆ ಹಾವಿಗೂ ಗೂಬೆಗೂ ಬಾಣಗಳಿವೆ. ಕಪ್ಪೆಗಳೆಲ್ಲ ಇಲ್ಲವಾದರೆ ಇಲಿಗಳ ಸಂಖ್ಯೆ ಏನಾಗುತ್ತದೆ ಎಂಬ ಪ್ರಶ್ನೆಗೆ ಕೀ ಉತ್ತರದಲ್ಲಿ ‘ಕಡಿಮೆಯಾಗುತ್ತದೆ’ ಎಂದಿದೆ. ವಿದ್ಯಾರ್ಥಿನಿಯೊಬ್ಬಳು ‘ಹೆಚ್ಚಾಗುತ್ತದೆ’ ಎಂದು ಬರೆದು, ಆಹಾರ ಸಾಲದೆ ಹಾವುಗಳು ಕಡಿಮೆಯಾಗುವುದೇ ಕಾರಣವೆಂದು ತಿಳಿಸಿದ್ದಾಳೆ. ಇದಕ್ಕೆ ಅಂಕ ಕೊಡಬಹುದೇ?

ಬಿ.ಎಡ್. ವಿದ್ಯಾರ್ಥಿ, ಬೀದರ್

ಮೇಡಂ, ತೆಗೆದ ಜೀವಿ ತಿನ್ನುತ್ತಿದ್ದದ್ದು ಹೆಚ್ಚುತ್ತದೆ, ಅದನ್ನು ತಿನ್ನುತ್ತಿದ್ದದ್ದು ಕಡಿಮೆಯಾಗುತ್ತದೆ. ಕಪ್ಪೆಗೂ ಇಲಿಗೂ ನಡುವೆ ಬಾಣವೇ ಇಲ್ಲದಿರುವುದರಿಂದ ಇಲಿಗಳಲ್ಲಿ ಬದಲಾವಣೆ ಆಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ರೈತ, ಚಿತ್ತಾಪುರ

ನಮ್ಮ ತೊಗರಿಯಲ್ಲಿ ಕಾಯಿಕೊರಕಕ್ಕೆ ಔಷಧಿ ಹೊಡೆದ ಮೇಲೆ ಸ್ವಲ್ಪ ದಿನ ಹುಳು ಕಾಣಲಿಲ್ಲ, ನಂತರ ಮತ್ತೆ ಜೋರಾಗಿ ಬಂದಿತು. ಜೇಡಗಳೂ ಸಣ್ಣ ಕಣಜಗಳೂ ಸತ್ತದ್ದರಿಂದ ಹೀಗಾಯಿತೆಂದು ತಿಳಿದವರು ಹೇಳಿದರು. ನೀವು ಕೇಳುತ್ತಿರುವುದೂ ಇದನ್ನೇ ಅಲ್ಲವೇ?

ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ, ಕಲಬುರಗಿ

ರೈತ ಬಂಧುಗಳೇ, ನೀವು ಹೇಳಿದ ಕಾರಣ ಸಾಧ್ಯವಿರುವಂಥದ್ದೇ. ಆದರೆ ಔಷಧಿ ಹಲವು ಜೀವಿಗಳನ್ನು ಒಟ್ಟಿಗೆ ಕೊಲ್ಲುತ್ತದೆ. ಇಲ್ಲಿ ಒಂದೇ ಜೀವಿಯನ್ನು ತೆಗೆದು ಉಳಿದವುಗಳನ್ನು ನೋಡಬೇಕಾಗಿದೆ.

ಬೀದರಿನವರ ಸೂತ್ರ ಕಪ್ಪೆಯ ನೇರ ನೆರೆಯ ಮಿಡತೆ ಮತ್ತು ಹಾವಿನ ಮಟ್ಟಿಗೆ ಸರಿ. ಬಾಣವಿಲ್ಲವೆಂದರೆ ಪರಿಣಾಮವಿಲ್ಲ ಎಂಬುದು ಮಾತ್ರ ಸರಿಯಲ್ಲ, ಏಕೆಂದರೆ ಕಪ್ಪೆಯಿಂದ ಇಲಿಗೆ ತಲುಪಲು ಈ ಚಿತ್ರದಲ್ಲೇ ದಾರಿಗಳಿವೆ. ಮೊದಲನೆಯದು ಹಾವಿನ ಹಸಿವಿನ ದಾರಿ: ಕಪ್ಪೆ ಸಿಗದ ಹಾವು ಇಲಿಗಳನ್ನೇ ಹೆಚ್ಚು ಹುಡುಕಿ ತಿನ್ನುವುದರಿಂದ ಇಲಿ ಕಡಿಮೆಯಾಗುತ್ತದೆ. ಎರಡನೆಯದು ಹಾವಿನ ಸಂಖ್ಯೆಯ ದಾರಿ: ಕಪ್ಪೆಯ ಆಹಾರ ತಪ್ಪಿದ ಹಾವುಗಳಲ್ಲಿ ಕೆಲವು ಸಾಯುತ್ತವೆ, ಉಳಿದವು ಕಡಿಮೆ ಮೊಟ್ಟೆಯಿಡುತ್ತವೆ, ಆಗ ಇಲಿ ಹೆಚ್ಚುತ್ತದೆ. ಮೂರನೆಯದು ಜೋಳದ ದಾರಿ: ಮಿಡತೆ ಹೆಚ್ಚಿ ಬೆಳೆಯನ್ನು ತಿಂದರೆ ಇಲಿಗೆ ಕಾಳು ಕಡಿಮೆ ಬೀಳುತ್ತದೆ.

ಕೀ ಉತ್ತರ ಬರೆದವರು ಮೊದಲನೆಯ ದಾರಿಯನ್ನೋ ಮೂರನೆಯದನ್ನೋ ಹಿಡಿದಿದ್ದಾರೆ, ವಿದ್ಯಾರ್ಥಿನಿ ಎರಡನೆಯದನ್ನು ಹಿಡಿದಿದ್ದಾಳೆ. ಇವುಗಳನ್ನು ಬೇರ್ಪಡಿಸುವುದು ಕಾಲ. ಹಾವು ಬೇಟೆಯನ್ನು ಬದಲಿಸಲು ಕೆಲವು ದಿನ ಸಾಕು. ಹಾವಿನ ಸಂಖ್ಯೆ ಇಳಿಯಲು ಮುಂದಿನ ಸಂತಾನದವರೆಗೆ ಕಾಯಬೇಕು. ಹೊಲದ ಇಲಿ ಮೂರು ವಾರಗಳ ಆಸುಪಾಸಿನಲ್ಲೇ ಮರಿ ಹಾಕುವುದರಿಂದ, ಹಾವುಗಳು ಒಮ್ಮೆ ಕಡಿಮೆಯಾದವೆಂದರೆ ಅದು ಬೇಗನೆ ಹೆಚ್ಚಿಕೊಳ್ಳುತ್ತದೆ. ಪ್ರಶ್ನೆಯಲ್ಲಿ ಕಾಲಾವಧಿಯನ್ನೇ ಹೇಳಿಲ್ಲವಾದ್ದರಿಂದ ಆಕೆಗೆ ಪೂರ್ಣ ಅಂಕ ಕೊಡುವುದು ನ್ಯಾಯ.

ಬಿ.ಎಡ್. ವಿದ್ಯಾರ್ಥಿ, ಬೀದರ್

ಒಪ್ಪಿದೆ ಸರ್. ಆದರೆ ಹೆಚ್ಚಾದ ಮಿಡತೆಗಳನ್ನು ಕಾಜಾಣವೂ, ಹೆಚ್ಚಾದ ಇಲಿಗಳನ್ನು ಗೂಬೆಯೂ ತಿಂದುಬಿಟ್ಟರೆ ಎಲ್ಲವೂ ಮೊದಲಿನ ಸ್ಥಿತಿಗೇ ಬರುವುದಿಲ್ಲವೇ?

ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ, ಕಲಬುರಗಿ

ಪರಿಣಾಮ ತಗ್ಗುತ್ತದೆ, ಪೂರ್ತಿ ಅಳಿಸಿಹೋಗುವುದಿಲ್ಲ. ಕಾಜಾಣವು ಹೆಚ್ಚಾಗಿ ಹಗಲಿನಲ್ಲಿ, ತಂತಿಯ ಮೇಲೋ ದನದ ಬೆನ್ನಿನ ಮೇಲೋ ಕುಳಿತು, ಹಾರುವ ಹುಳುಗಳನ್ನು ಹಿಡಿಯುತ್ತದೆ. ಕಪ್ಪೆ ರಾತ್ರಿ ನೆಲದ ಮೇಲೆ ಬೇಟೆಯಾಡುತ್ತದೆ. ಹಾಗಾಗಿ ಚಿತ್ರದಲ್ಲಿ ಎರಡೂ ಒಂದೇ ಸ್ಥಾನದಲ್ಲಿದ್ದರೂ ಹೊಲದಲ್ಲಿ ಒಂದರ ಕೆಲಸವನ್ನು ಇನ್ನೊಂದು ಅಷ್ಟಾಗಿ ತುಂಬಲಾರದು.

ಬಾಣಗಳು ತೋರಿಸದ ಇನ್ನೊಂದು ಸಂಗತಿಯೂ ಇದೆ. ರಾಬರ್ಟ್ ಪೇನ್ ಎಂಬ ವಿಜ್ಞಾನಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲ ಬಂಡೆಗಳ ಒಂದು ಭಾಗದಿಂದ ನಕ್ಷತ್ರ ಮೀನುಗಳನ್ನು ಮಾತ್ರ ತೆಗೆಯುತ್ತಾ ಹೋದಾಗ, ಅಲ್ಲಿದ್ದ 15 ಜೀವಜಾತಿಗಳು 8ಕ್ಕೆ ಇಳಿದದ್ದನ್ನು 1966ರಲ್ಲಿ ವರದಿ ಮಾಡಿದರು. ನಕ್ಷತ್ರ ಮೀನು ತಿನ್ನುತ್ತಿದ್ದ ಚಿಪ್ಪುಜೀವಿಗಳು ಬಂಡೆಯನ್ನೆಲ್ಲ ಆಕ್ರಮಿಸಿಕೊಂಡು ಉಳಿದವಕ್ಕೆ ಜಾಗವಿಲ್ಲದಂತೆ ಮಾಡಿದ್ದವು. ಜಾಗಕ್ಕಾಗಿ ನಡೆಯುವ ಈ ಪೈಪೋಟಿಗೆ ಆಹಾರ ಜಾಲದಲ್ಲಿ ಬಾಣವೇ ಇರುವುದಿಲ್ಲ.

ಶಿಕ್ಷಕಿ, ಸೇಡಂ

ಧನ್ಯವಾದಗಳು ಸರ್. ಪ್ರಶ್ನೆಯನ್ನು ‘ಕಪ್ಪೆಗಳು ಇಲ್ಲವಾದ ಮೊದಲ ಕೆಲವು ವಾರಗಳಲ್ಲಿ ಮತ್ತು ಕೆಲವು ವರ್ಷಗಳ ನಂತರ ಇಲಿಗಳ ಸಂಖ್ಯೆ ಏನಾಗಬಹುದು? ಯಾವ ಬಾಣಗಳ ದಾರಿಯಲ್ಲಿ ಎಂಬುದನ್ನು ತೋರಿಸಿ’ ಎಂದು ತಿದ್ದಿದ್ದೇನೆ. ‘ಬದಲಾವಣೆ ಇಲ್ಲ’ ಎಂದು ಬರೆದು, ಗೂಬೆಯನ್ನು ಕಾರಣವಾಗಿ ಕೊಟ್ಟವರಿಗೆ ಎಷ್ಟು ಅಂಕ ಕೊಡಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ, ಕಲಬುರಗಿ

ಇಲಿ ಹೆಚ್ಚದಂತೆ ಗೂಬೆ ತಡೆಯುತ್ತದೆ ಎಂದು ದಾರಿ ಸಮೇತ ಬರೆದಿದ್ದರೆ ನಾನು ಅರ್ಧ ಅಂಕ ಕೊಡುತ್ತಿದ್ದೆ. ಬೇರೆ ಶಿಕ್ಷಕರು ಇದನ್ನು ಒಪ್ಪದಿರಬಹುದು.