ಅಪ್‌ಡೇಟ್: ಹಾಸಿಗೆ ಹುಣ್ಣಿನ ಗೈಡ್‌ಲೈನ್‌ಗೆ ಅಂಕ ಕೊಟ್ಟಿದ್ದು ಹೀಗೆ

ನನ್ನ ಪ್ರಶ್ನೆ: "ನರ್ಸಿಂಗ್ ಅಸೈನ್‌ಮೆಂಟ್‌ಗೆ ಹಾಸಿಗೆ ಹುಣ್ಣು ತಡೆಯುವ ಗೈಡ್‌ಲೈನ್ ಒಂದನ್ನು ಪರಿಶೀಲಿಸಬೇಕು. ಅದನ್ನು ನಂಬಬಹುದಾ ಅಂತ ಹೇಗೆ ತಿಳಿಯುವುದು?"

ಅಪ್‌ಡೇಟ್: ಉತ್ತರದಲ್ಲಿ ನೀವು ಹೇಳಿದ, ಗೈಡ್‌ಲೈನ್‌ಗಳ ಗುಣಮಟ್ಟ ಅಳೆಯುವ ಅಗ್ರೀ-2 ಎಂಬ ಸಾಧನ ಬಳಸಿದೆ. ಒಟ್ಟು 23 ಅಂಶ, ಪ್ರತಿಯೊಂದಕ್ಕೂ 1ರಿಂದ 7 ಅಂಕ. ಸಹಪಾಠಿಯೂ ನಾನೂ ಬೇರೆ ಬೇರೆ ಕೂತು ಅಂಕ ಹಾಕಿದೆವು. ಗೈಡ್‌ಲೈನ್ ಎಷ್ಟು ಕಟ್ಟುನಿಟ್ಟಾಗಿ ತಯಾರಾಗಿದೆ ಎಂದು ನೋಡುವ ವಿಭಾಗದಲ್ಲಿ 8 ಅಂಶಗಳಿವೆ. ಇಬ್ಬರದೂ ಸೇರಿದರೆ ಗರಿಷ್ಠ 112, ಕನಿಷ್ಠ 16. ನಾವು ಕೊಟ್ಟಿದ್ದು 88:

(88 − 16) ÷ (112 − 16) × 100 = 75%

ಕನಿಷ್ಠ ಅಂಕವನ್ನು ಕಳೆಯಲೇಬೇಕು. ಸುಮ್ನೆ 88ನ್ನು 112ರಿಂದ ಭಾಗಿಸಿದರೆ ಸುಮಾರು 79 ಬಂದು, ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಆದರೆ ಈ 75 ಪುರಾವೆಯ ಬಲವನ್ನು ಹೇಳುವುದಿಲ್ಲ. ಅಧ್ಯಯನಗಳನ್ನು ಕ್ರಮವಾಗಿ ಹುಡುಕಿದರಾ, ಶಿಫಾರಸಿಗೆ ಪುರಾವೆ ಜೋಡಿಸಿದರಾ ಅನ್ನುವಂಥದ್ದನ್ನು ಈ ವಿಭಾಗ ನೋಡುತ್ತದೆ. ಹಾಗಾಗಿ ಪುರಾವೆಯ ಕೋಷ್ಟಕವನ್ನೇ ತೆರೆದೆ. ರೋಗಿಯ ಮಗ್ಗಲು ಬದಲಿಸುವ ಶಿಫಾರಸಿಗೆ 'ಬಲವಾದದ್ದು' ಅಂತ ಗುರುತು, ಪಕ್ಕದಲ್ಲೇ ಪುರಾವೆಯ ಖಚಿತತೆ 'ಕಡಿಮೆ'. ಇದು ತಪ್ಪೇ ಆಗಬೇಕಿಲ್ಲ, ಹಾನಿ ಕಡಿಮೆ ಇದ್ದು ಲಾಭ ಜಾಸ್ತಿ ಇರಬಹುದು ಅಲ್ವಾ? ಆದರೆ ಆ ಕಾರಣವನ್ನು ಅವರು ಎಲ್ಲೂ ಬರೆದಿಲ್ಲ. ಅಂಕ ಕಡಿಮೆ ಮಾಡಿದ್ದು ಅಲ್ಲೇ.

ಗೈಡ್‌ಲೈನ್ ಅನ್ನು ಜಾರಿಗೆ ತರಲು ಆಗುತ್ತದಾ ಎಂದು ನೋಡುವ 'ಅನ್ವಯ' ವಿಭಾಗದ 4 ಅಂಶಗಳಲ್ಲಿ ಸಿಕ್ಕಿದ್ದು ಬರೀ 33%. ರಾತ್ರಿ ಪಾಳಿಯಲ್ಲಿ ಮಗ್ಗಲು ಬದಲಿಸಲು ಎಷ್ಟು ಜನ ಬೇಕು, ಖರ್ಚೆಷ್ಟು, ಪಾಲನೆ ಆಗುತ್ತಿದೆಯಾ ಅಂತ ಅಳೆಯುವುದು ಹೇಗೆ, ಒಂದೂ ಇಲ್ಲ.

ಅಗ್ರೀಯಲ್ಲಿ ಪಾಸು-ಫೇಲು ಗೆರೆ ಇಲ್ಲ. ಅದಕ್ಕೇ 'ಬದಲಾವಣೆಗಳೊಂದಿಗೆ ಬಳಸಬಹುದು' ಅಂತ ಬರೆದು ಸಲ್ಲಿಸಿದೆ.